ಸೆಲ್ಫ್ ಹೊಡೆದಾಗಲೆಲ್ಲ 12:00ಕ್ಕೆ ಮರಳುತ್ತಿದ್ದ ಗಡಿಯಾರ

ನಾಪೋಕ್ಲಿನ ಹತ್ತಿರ ಚಿಕ್ಕಪ್ಪನ ತೋಟವಿದೆ. ಜನವರಿಯ ಎರಡನೇ ವಾರ, ಕಾಫಿ ಕೊಯ್ಲು ಜೋರಾಗಿದ್ದಾಗ ಅವರಿಂದ ಫೋನ್ ಬಂತು. ಹಣ್ಣು ಸಾಗಿಸುವ ಹಳೆಯ ಡೀಸೆಲ್ ಪಿಕಪ್ ಬೆಳಿಗ್ಗೆ ಬೆಳಿಗ್ಗೆ ಕೈಕೊಡುತ್ತಿದೆ ಎಂದರು. ಕೀಲಿ ತಿರುಗಿಸಿದರೆ ಮೀಟರ್ ಬೋರ್ಡಿನ ದೀಪಗಳು ಮಿಣಮಿಣ ಎನ್ನುತ್ತವೆ, ಒಳಗೆ ಎಲ್ಲೋ ಟಕಟಕ ಸದ್ದಾಗುತ್ತದೆ, ಮೂರು ನಾಲ್ಕು ಸಲ ಪ್ರಯತ್ನಿಸಿದ ಮೇಲೆ ಇಂಜಿನ್ ಹಿಡಿಯುತ್ತದೆ. ಹಿಡಿದಾಗ ಹಾಡಿನ ಪ್ಲೇಯರಿನ ಗಡಿಯಾರ 12:00 ತೋರಿಸುತ್ತಿರುತ್ತದೆ, ಟ್ರಿಪ್ ಮೀಟರ್ ಸೊನ್ನೆಯಾಗಿರುತ್ತದೆ.

"ಬ್ಯಾಟರಿ ಹೋಗಿದೆ, ನಿನ್ನೆ ಟ್ರ್ಯಾಕ್ಟರಿನಿಂದ ಕೇಬಲ್ ಕೊಟ್ಟರೆ ಒಂದೇ ಏಟಿಗೆ ಹಿಡಿಯಿತು. ಹೊಸದು ತಂದುಬಿಡಲೇ?" ಎಂದು ಕೇಳಿದರು. "ಎರಡು ದಿನ ಕೊಡಿ ಚಿಕ್ಕಪ್ಪ, ಶನಿವಾರ ಬರುತ್ತೇನೆ" ಎಂದೆ. ಟ್ರ್ಯಾಕ್ಟರಿನ ಕೇಬಲ್ ಕೊಟ್ಟಾಗ ಹಿಡಿಯಿತು ಎಂಬ ಮಾತ್ರಕ್ಕೆ ಬ್ಯಾಟರಿ ಕೆಟ್ಟಿದೆ ಎಂದು ತೀರ್ಮಾನಿಸಲು ಬರುವುದಿಲ್ಲ. ಜಂಪರ್ ಕೇಬಲ್ಲಿನ ಹಲ್ಲುಗಳು ಸಾಮಾನ್ಯವಾಗಿ ಕಚ್ಚುವುದು ಗಾಡಿಯ ಕ್ಲ್ಯಾಂಪನ್ನು, ಬ್ಯಾಟರಿಯ ಸೀಸದ ಕಂಬವನ್ನಲ್ಲ. ಹೊರಗಿನ ಕರೆಂಟು ಆ ಕ್ಲ್ಯಾಂಪಿನಿಂದ ನೇರವಾಗಿ ಸೆಲ್ಫ್ ಮೋಟರಿಗೆ ಹೋಗುತ್ತದೆ. ಕಂಬಕ್ಕೂ ಕ್ಲ್ಯಾಂಪಿಗೂ ನಡುವಿನ ಕೂಡು ಎಷ್ಟೇ ಕೆಟ್ಟಿದ್ದರೂ ಆ ಕರೆಂಟಿಗೆ ಅದನ್ನು ದಾಟುವ ಅಗತ್ಯವೇ ಇಲ್ಲ. ಹೀಗಾಗಿ ಬ್ಯಾಟರಿ ಕೆಟ್ಟಿದ್ದರೂ ಸಡಿಲ ಟರ್ಮಿನಲ್ ಇದ್ದರೂ ಗಾಡಿ ಒಂದೇ ರೀತಿ ಹಿಡಿಯುತ್ತದೆ.

ಗಡಿಯಾರದ ವಿಷಯ ಮಾತ್ರ ಮುಖ್ಯವಾದ ಸುಳಿವು. ಸೆಲ್ಫ್ ಹೊಡೆಯುವಾಗ ಪ್ಲೇಯರ್ ಆರಿಹೋಗುವುದು ಸಹಜ. ಹೆಚ್ಚಿನ ಪ್ಲೇಯರುಗಳಿಗೆ ಎರಡು ತಂತಿಗಳಲ್ಲಿ ಕರೆಂಟು ಬರುತ್ತದೆ. ಕೆಂಪು ತಂತಿ ಕೀಲಿಯ ಮೂಲಕ ಬರುವಂಥದ್ದು. ಸೆಲ್ಫ್ ಹೊಡೆಯುವ ಹೊತ್ತಿನಲ್ಲಿ ಕೀಲಿಯ ಸ್ವಿಚ್ಚೇ ಅದನ್ನು ಕಡಿದುಬಿಡುತ್ತದೆ. ಹಳದಿ ತಂತಿ ಬ್ಯಾಟರಿಯಿಂದ ಫ್ಯೂಸ್ ಮೂಲಕ ಸದಾ ಜೀವಂತವಾಗಿರುತ್ತದೆ, ಗಡಿಯಾರ ಮತ್ತು ಸ್ಟೇಷನ್ನುಗಳ ನೆನಪು ಉಳಿಯುವುದು ಅದರಿಂದ. ಗಡಿಯಾರ 12:00ಕ್ಕೆ ಮರಳಿತೆಂದರೆ ಆ ಹಳದಿ ತಂತಿಯಲ್ಲಿಯೇ ವೋಲ್ಟೇಜ್ ಕ್ಷಣಕಾಲ ನೆಲ ಕಚ್ಚಿದೆ ಎಂದರ್ಥ.

ಶನಿವಾರ ಬೆಳಿಗ್ಗೆ

ಶೆಡ್ಡಿಗೆ ಹೋದಾಗ ಆರೂವರೆ. ಹೊರಗೆ 12 ಡಿಗ್ರಿಯಷ್ಟು ಚಳಿ, ಕಣದ ಮೇಲೆ ಮಂಜು ಕೂತಿತ್ತು. ರಾತ್ರಿಯೆಲ್ಲ ನಿಂತ ಗಾಡಿಯೇ ನನಗೆ ಬೇಕಾಗಿತ್ತು. ಆಗತಾನೇ ಓಡಿಸಿ ತಂದ ಗಾಡಿಯ ಬ್ಯಾಟರಿ ಮೇಲುಮೇಲಿನ ಚಾರ್ಜಿನಿಂದಾಗಿ ಇರುವುದಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತದೆ.

ಏನನ್ನೂ ಹಾಕದೆ ಮೀಟರ್ ಇಟ್ಟಾಗ 12.38 ವೋಲ್ಟ್ ಬಂತು. ಪೂರ್ತಿ ತುಂಬಿದ ಬ್ಯಾಟರಿ 12.6ರಿಂದ 12.7 ತೋರಿಸಬೇಕು. 12.4ರ ಆಸುಪಾಸು ಎಂದರೆ ಮುಕ್ಕಾಲು ಭಾಗ ಇದೆ ಎಂದು ಲೆಕ್ಕ. ಇಷ್ಟಿದ್ದರೆ ಗಾಡಿ ಹಿಡಿಯಲೇಬೇಕು. ಆದರೆ ಸುಮ್ಮನೆ ನಿಂತ ಬ್ಯಾಟರಿಯ ವೋಲ್ಟ್ ನೋಡಿ ತೀರ್ಪು ಕೊಡಬಾರದು. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ, ಸೆಲ್ಫ್ ಮೋಟರು ಎಳೆಯುವುದು ನೂರಾರು ಆಂಪಿಯರ್. ಹೊರೆ ಬಿದ್ದಾಗ ಏನಾಗುತ್ತದೆ ಎಂದು ನೋಡಬೇಕು.

ಹೊರೆ ಹಾಕಿ ನೋಡಬೇಕಾದರೆ ಇಂಜಿನ್ ಹಿಡಿಯದಂತೆ ಸೆಲ್ಫ್ ಮಾತ್ರ ತಿರುಗಬೇಕು. ಗೇರ್ ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಡೀಸೆಲ್ ಪಂಪಿನ ಮೇಲಿರುವ ಸ್ಟಾಪ್ ಸೊಲೆನಾಯ್ಡಿನ ತಂತಿ ಕಳಚಿದೆ. ಚಿಕ್ಕಪ್ಪ ಕೀಲಿಯ ಹತ್ತಿರ ಕೂತರು. ನಾನು ಕೈಯೆತ್ತಿದಾಗ ನಾಲ್ಕು ಸೆಕೆಂಡ್ ಮಾತ್ರ ತಿರುಗಿಸಬೇಕು, ಮುಂದಿನ ಸಲಕ್ಕೆ ಒಂದು ನಿಮಿಷ ಬಿಡಬೇಕು ಎಂದು ಮಾತಾಯಿತು.

ಇನ್ನು ಅಳತೆ. ಎರಡೇ ಜಾಗ, ಆದರೆ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಮೊದಲು ಮೀಟರಿನ ಸೂಜಿಗಳನ್ನು ಸೀಸದ ಕಂಬಗಳ ನೆತ್ತಿಗೇ ಚುಚ್ಚಿದೆ. ಸೀಸ ಮೆತ್ತಗಿರುವುದರಿಂದ ಸೂಜಿಯ ಮೊನೆ ಚೂರು ಇಳಿದು ನಿಲ್ಲುತ್ತದೆ. ಸೆಲ್ಫ್ ಹೊಡೆದಾಗ 9.1 ವೋಲ್ಟ್. ಆಮೇಲೆ ಸೂಜಿಗಳನ್ನು ಅರ್ಧ ಇಂಚು ಸರಿಸಿ, ಕಂಬವನ್ನು ಮುಟ್ಟದಂತೆ ಕ್ಲ್ಯಾಂಪಿನ ಲೋಹಕ್ಕೆ ಒತ್ತಿ ಹಿಡಿದೆ. ಮತ್ತೆ ಸೆಲ್ಫ್ ಹೊಡೆದಾಗ 7.3 ವೋಲ್ಟ್.

ಅರ್ಧ ಇಂಚಿನೊಳಗೆ 1.8 ವೋಲ್ಟ್ ಕಾಣೆಯಾಗಿತ್ತು. ಬ್ಯಾಟರಿ ಕೊಟ್ಟಿದ್ದು ಕ್ಲ್ಯಾಂಪಿಗೆ ತಲುಪುತ್ತಿರಲಿಲ್ಲ. ಎರಡು ಕೂಡುಗಳಲ್ಲಿ ಯಾವುದು ಕಳ್ಳ ಎಂದು ನೋಡಲು ಕೆಂಪು ಸೂಜಿಯನ್ನು ಪಾಸಿಟಿವ್ ಕಂಬಕ್ಕೂ ಕಪ್ಪು ಸೂಜಿಯನ್ನು ಅದೇ ಕಂಬದ ಕ್ಲ್ಯಾಂಪಿಗೂ ಇಟ್ಟೆ: 0.15. ಅದೇ ರೀತಿ ನೆಗೆಟಿವ್ ಕಡೆ: 1.65. ಒಳ್ಳೆಯ ಕೂಡಿನಲ್ಲಿ ಇದು 0.1 ದಾಟಬಾರದು.

ಇದೇ ಕೂಡನ್ನು ಓಮ್ ಅಳತೆಯಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಲೆಕ್ಕಕ್ಕೆ 170 ಆಂಪಿಯರ್ ಎಂದು ಹಿಡಿದರೆ 1.65 ವೋಲ್ಟ್ ಕಳೆಯಲು ಬೇಕಾದ ತಡೆ ಓಮಿನ ನೂರನೇ ಒಂದು ಭಾಗ ಮಾತ್ರ. ಮೀಟರಿನ ತಂತಿಗಳ ತಡೆಯೇ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆದರೆ ಆ ನೂರನೇ ಒಂದು ಭಾಗದಲ್ಲಿ 280 ವಾಟಿನಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಮೂರನೇ ಸಲ ಸೆಲ್ಫ್ ಹೊಡೆದ ಮೇಲೆ ನೆಗೆಟಿವ್ ಕ್ಲ್ಯಾಂಪಿನ ಮೇಲೆ ಬೆರಳಿಟ್ಟೆ. ಅಷ್ಟು ಚಳಿಯಲ್ಲೂ ಬೆಚ್ಚಗಿತ್ತು. ಚಿಕ್ಕಪ್ಪನನ್ನೂ ಕರೆದು ಮುಟ್ಟಿಸಿದೆ. ಅಲ್ಲಿಯವರೆಗೆ ಮೀಟರಿನ ಅಂಕಿಗಳನ್ನು ಅಷ್ಟಾಗಿ ನಂಬದಿದ್ದವರು ಆಮೇಲೆ ತಾವೇ ಸ್ಪ್ಯಾನರ್ ಹುಡುಕಿ ತಂದರು.

ಕ್ಲ್ಯಾಂಪಿನ ಒಳಗೆ

ಕೈಯ ಉಂಗುರ, ಗಡಿಯಾರ ತೆಗೆದಿಟ್ಟು ನೆಗೆಟಿವ್ ಕ್ಲ್ಯಾಂಪನ್ನು ಮೊದಲು ಬಿಚ್ಚಿದೆ. ಕ್ರಮ ಯಾವಾಗಲೂ ಹಾಗೆಯೇ: ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಬಿಚ್ಚುತ್ತಿರುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ.

ನಟ್ಟು ಗಟ್ಟಿಯಾಗಿಯೇ ಇತ್ತು. ಹೊರಗಿನಿಂದ ನೋಡಿದವರಿಗೆ ದೋಷ ಕಾಣದಿರಲು ಅದೇ ಕಾರಣ. ಆದರೆ ಕ್ಲ್ಯಾಂಪನ್ನು ಹಿಡಿದು ತಿರುಚಿದರೆ ಕಂಬದ ಸುತ್ತ ಸ್ವಲ್ಪ ತಿರುಗುತ್ತಿತ್ತು. ಮೇಲಕ್ಕೆತ್ತಿದಾಗ ಒಳಗಿನಿಂದ ಸುರುಳಿಯಾದ ಒಂದು ತಗಡಿನ ತುಂಡು ಬಿತ್ತು. ಮೂರು ವರ್ಷದ ಹಿಂದೆ ಬ್ಯಾಟರಿ ಬದಲಿಸಿದಾಗ ಯಾರೋ ತುರುಕಿದ್ದು. ಬ್ಯಾಟರಿಗಳ ಕಂಬಗಳಲ್ಲಿ ದಪ್ಪದ್ದು, ಸಣ್ಣದ್ದು ಎಂದು ಎರಡು ಬಗೆಗಳಿವೆ. ಒಂದೇ ಬ್ಯಾಟರಿಯಲ್ಲೂ ನೆಗೆಟಿವ್ ಕಂಬ ಪಾಸಿಟಿವ್‌ಗಿಂತ ಸಣ್ಣದು. ದಪ್ಪ ಕಂಬದ ಕ್ಲ್ಯಾಂಪಿರುವ ಗಾಡಿಗೆ ಸಣ್ಣ ಕಂಬದ ಬ್ಯಾಟರಿ ಕೂರಿಸಿದ್ದರು. ನಟ್ಟು ಪೂರ್ತಿ ಬಿಗಿದು ಕ್ಲ್ಯಾಂಪಿನ ಎರಡು ಕಿವಿಗಳು ಒಂದಕ್ಕೊಂದು ತಾಗಿದ್ದವು, ಆದರೂ ಕಂಬ ಸಿಕ್ಕಿರಲಿಲ್ಲ. ಉಳಿದ ಸಂದನ್ನು ತಗಡು ತುಂಬಿತ್ತು. ಮೂರು ಮಳೆಗಾಲದ ತೇವ, ಆಸಿಡ್ಡಿನ ಆವಿ ಸೇರಿ ಆ ತಗಡು ತುಕ್ಕು ಹಿಡಿದು, ಕಂಬದ ಮೇಲೆ ಕಪ್ಪು ಬಳೆಯಂಥ ಪದರ ಬೆಳೆದಿತ್ತು. ಲೋಹ ಲೋಹಕ್ಕೆ ತಾಗುತ್ತಿದ್ದ ಜಾಗ ಉಗುರಿನಷ್ಟು ಮಾತ್ರ ಹೊಳೆಯುತ್ತಿತ್ತು.

ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಂಬಗಳನ್ನೂ ಬ್ಯಾಟರಿಯ ನೆತ್ತಿಯನ್ನೂ ತಿಕ್ಕಿದೆ. ಸೆಲ್ಲಿನ ಮುಚ್ಚಳಗಳು ಬಿಗಿಯಾಗಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಸೋಡಾ ಒಳಗಿಳಿದರೆ ಆಸಿಡ್ಡೇ ಕೆಡುತ್ತದೆ. ನೊರೆ ನಿಂತ ಮೇಲೆ ಶುದ್ಧ ನೀರಿನಿಂದ ಒರೆಸಿ, ಒಣಗಿಸಿ, ನಯವಾದ ಉಪ್ಪುಕಾಗದದಿಂದ ಕಂಬ ಬೆಳ್ಳಗಾಗುವವರೆಗೆ ಉಜ್ಜಿದೆ. ಸೀಸವನ್ನು ಹೆಚ್ಚು ಉಜ್ಜಿದರೆ ಕಂಬ ಇನ್ನೂ ಸಣ್ಣಗಾಗುತ್ತದೆ, ಹೊಳಪು ಕಂಡಲ್ಲಿಗೆ ನಿಲ್ಲಿಸಬೇಕು. ಸೀಸದ ಪುಡಿ ವಿಷ. ಕೈಗವಸು ಹಾಕಿದ್ದರೂ ತಿಂಡಿಗೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆದೆ. ಸಣ್ಣ ಕಂಬಕ್ಕೆ ಒಪ್ಪುವ ಹೊಸ ಕ್ಲ್ಯಾಂಪುಗಳನ್ನು ವಿರಾಜಪೇಟೆಯ ಅಂಗಡಿಯಿಂದ ತಂದು, ಕೇಬಲ್ಲಿನ ತುದಿಯಲ್ಲಿ ಕಪ್ಪಾಗಿದ್ದ ಒಂದು ಇಂಚು ತಾಮ್ರ ಕತ್ತರಿಸಿ, ಹೊಸ ತಾಮ್ರಕ್ಕೆ ಕ್ಲ್ಯಾಂಪ್ ಹಾಕಿದೆ. ಬಿಗಿದಾದ ಮೇಲೆ ಹೊರಮೈಗೆ ವ್ಯಾಸಲೀನ್. ಮೊದಲೇ ವ್ಯಾಸಲೀನ್ ಬಳಿದು ಆಮೇಲೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಕೂಡಿನೊಳಗೆ ಲೋಹಕ್ಕೆ ಲೋಹವೇ ತಾಗಬೇಕು.

ಮತ್ತೆ ಅಳೆದೆ. ನೆಗೆಟಿವ್ ಕೂಡಿನಲ್ಲಿ 0.1, ಪಾಸಿಟಿವ್ ಕೂಡಿನಲ್ಲಿ 0.05. ಕ್ಲ್ಯಾಂಪಿನಲ್ಲಿ 7.3 ಇದ್ದದ್ದು 8.65ಕ್ಕೆ ಏರಿತ್ತು. ಸೆಲ್ಫ್ ತಿರುಗುವ ವೇಗ ಕಿವಿಗೇ ಗೊತ್ತಾಗುವಷ್ಟು ಹೆಚ್ಚಿತ್ತು. ಆದರೆ ಕಂಬಗಳ ನಡುವಿನ ವೋಲ್ಟ್ 9.1ರಿಂದ 8.8ಕ್ಕೆ ಇಳಿದಿತ್ತು. ರಿಪೇರಿ ಮಾಡಿದ ಮೇಲೆ ಇಳಿಯಿತೇ ಎಂದು ಚಿಕ್ಕಪ್ಪ ಗಾಬರಿಯಾದರು. ಅದರಲ್ಲಿ ವಿಚಿತ್ರವೇನಿಲ್ಲ. ದಾರಿಯಲ್ಲಿದ್ದ ತಡೆ ಹೋಯಿತು, ಮೋಟರು ಹೆಚ್ಚು ಕರೆಂಟು ಎಳೆಯಿತು, ಬ್ಯಾಟರಿಯ ಮೇಲೆ ಹೊರೆ ಹೆಚ್ಚಿತು. ಕೆಟ್ಟ ಕೂಡು ಇಲ್ಲಿಯವರೆಗೆ ಬ್ಯಾಟರಿಯ ದೌರ್ಬಲ್ಯವನ್ನು ಮುಚ್ಚಿಟ್ಟಿತ್ತು.

ಒಳ್ಳೆಯ ಬ್ಯಾಟರಿ 20 ಡಿಗ್ರಿಯ ಸುಮಾರಿಗೆ ಹೊರೆ ಬಿದ್ದಾಗಲೂ 9.6ಕ್ಕಿಂತ ಕೆಳಗಿಳಿಯಬಾರದು ಎಂಬುದು ರೂಢಿಯ ಅಳತೆ. ಚಳಿಗೆ ಇನ್ನೊಂದೆರಡು ದಶಾಂಶ ಬಿಟ್ಟುಕೊಡಬಹುದು. 8.8 ಒಪ್ಪುವ ಸಂಖ್ಯೆಯಲ್ಲ. ಸೊಲೆನಾಯ್ಡಿನ ತಂತಿ ಸಿಕ್ಕಿಸಿ ಗಾಡಿ ಶುರು ಮಾಡಿದಾಗ ಒಂದೇ ಏಟಿಗೆ ಹಿಡಿಯಿತು, ಟಕಟಕ ಇರಲಿಲ್ಲ. ಗಡಿಯಾರ ಮಾತ್ರ ಮತ್ತೆ 12:00.

ಮೀಟರ್ 8.65 ತೋರಿಸುತ್ತಿರುವಾಗ ಗಡಿಯಾರ ಯಾಕೆ ನೆನಪು ಕಳೆದುಕೊಳ್ಳಬೇಕು? ಸಾಧಾರಣ ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ನಿಂತಿರುವ ಇಂಜಿನ್ನನ್ನು ಅಲುಗಿಸುವ ಮೊದಲ ಕ್ಷಣದಲ್ಲಿ ಮೋಟರು ಅತಿ ಹೆಚ್ಚು ಕರೆಂಟು ಎಳೆಯುತ್ತದೆ, ವೋಲ್ಟೇಜ್ ಆಳಕ್ಕೆ ಧುಮುಕಿ ಕಣ್ಣು ಮಿಟುಕಿಸುವುದರೊಳಗೆ ಮೇಲೆ ಬರುತ್ತದೆ. ಮೀಟರಿಗೆ ಆ ಗುಂಡಿ ಕಾಣುವುದಿಲ್ಲ, ಗಡಿಯಾರದ ಚಿಪ್ಪಿಗೆ ಕಾಣುತ್ತದೆ.

ಆರು ಸೆಲ್ಲುಗಳು

ಬ್ಯಾಟರಿಗೆ ಬಿಚ್ಚುವ ಮುಚ್ಚಳಗಳಿದ್ದದ್ದು ಅದೃಷ್ಟ. ಪೂರ್ತಿ ಮುಚ್ಚಿದ ಬ್ಯಾಟರಿಯಾಗಿದ್ದರೆ ಅಂಗಡಿಯ ಲೋಡ್ ಟೆಸ್ಟರಿಗೇ ಒಯ್ಯಬೇಕಾಗುತ್ತಿತ್ತು. ಕನ್ನಡಕ ಹಾಕಿಕೊಂಡು ಒಂದೊಂದೇ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಐದು ಸೆಲ್ಲುಗಳಲ್ಲಿ ಪ್ಲೇಟುಗಳ ಮೇಲೆ ನೀರು ನಿಂತಿತ್ತು. ಪಾಸಿಟಿವ್ ಕಡೆಯಿಂದ ನಾಲ್ಕನೆಯದರಲ್ಲಿ ಪ್ಲೇಟುಗಳ ತಲೆ ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಗಾಳಿಗೆ ತೆರೆದುಕೊಂಡ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆ ಭಾಗ ಮತ್ತೆ ಕೆಲಸಕ್ಕೆ ಬರುವುದು ಕಷ್ಟ.

ಡಿಸ್ಟಿಲ್ಡ್ ವಾಟರ್ ತುಂಬಿ, ಗಾಳಿಯಾಡುವ ಜಗಲಿಯಲ್ಲಿ ಇಟ್ಟು ರಾತ್ರಿಯಿಡೀ ಚಾರ್ಜರಿಗೆ ಹಾಕಿದೆ. ಚಾರ್ಜಾಗುವಾಗ ಜಲಜನಕ ಹೊರಬರುವುದರಿಂದ ಒಲೆಯ ಹತ್ತಿರ, ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಭಾನುವಾರ ಬೆಳಿಗ್ಗೆ ಚಾರ್ಜರ್ ಕಳಚಿ, ಸಂಜೆಯವರೆಗೆ ಸುಮ್ಮನೆ ಬಿಟ್ಟು, ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಒಂದೊಂದು ಸೆಲ್ಲಿನ ಆಸಿಡ್ ಹೀರಿ ನೋಡಿದೆ. ಗಾಜಿನ ಕೊಳವೆಯನ್ನು ನೆಟ್ಟಗೆ ಹಿಡಿದು, ತೇಲು ಗೋಡೆಗೆ ಅಂಟದಂತೆ ಬೆರಳಿನಿಂದ ತಟ್ಟಿ, ಕಣ್ಣಿನ ಮಟ್ಟಕ್ಕೆ ತಂದು ಓದಬೇಕು. ಬಂದದ್ದು ಇಷ್ಟು: 1.255, 1.250, 1.250, 1.180, 1.255, 1.250.

ಐದು ಸೆಲ್ಲುಗಳಲ್ಲಿ ತೇಲು ಎದ್ದು ನಿಂತಿತ್ತು. ನಾಲ್ಕನೆಯದರಲ್ಲಿ ಮುಳುಗಿತು. ಸೆಲ್ಲು ಸೆಲ್ಲುಗಳ ನಡುವೆ 0.050ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸೆಲ್ಲಿನ ಮೇಲೆ ಅನುಮಾನ ಪಡಬೇಕು ಎನ್ನುತ್ತಾರೆ. ಇಲ್ಲಿ 0.070 ದಾಟಿತ್ತು.

ಈಗ ಒಂದು ಲೆಕ್ಕ ನೋಡಿ. ವಿಶ್ರಾಂತಿಯಲ್ಲಿರುವ ಸೆಲ್ಲಿನ ವೋಲ್ಟೇಜ್ ತಿಳಿಯಲು ಹೈಡ್ರೋಮೀಟರಿನ ಅಂಕಿಗೆ 0.84 ಕೂಡಿಸಿದರೆ ಸಾಕು. ಒಳ್ಳೆಯ ಸೆಲ್ಲು 2.09, ನಾಲ್ಕನೆಯದು 2.02. ಆರೂ ಸೇರಿ 12.48, ಮೀಟರಿನಲ್ಲಿಯೂ ಅದೇ ಬಂತು. ಒಂದು ಸೆಲ್ಲು ಹೀಗೆ ಕುಸಿದಿದ್ದರೂ ಒಟ್ಟು ಅಳತೆಯಲ್ಲಿ ಕಡಿಮೆಯಾದದ್ದು ಒಂದು ವೋಲ್ಟಿನ ನೂರರಲ್ಲಿ ಏಳು ಭಾಗ ಮಾತ್ರ. ಮೀಟರ್ ಇಟ್ಟು "ಪರವಾಗಿಲ್ಲ" ಎನ್ನುವವರು ತಪ್ಪುವುದು ಇಲ್ಲಿಯೇ. ಸೆಲ್ಲುಗಳು ಸಾಲಾಗಿ ಕೂಡಿಕೊಂಡಿರುವುದರಿಂದ ಸೆಲ್ಫ್ ಮೋಟರಿನ ಕರೆಂಟಷ್ಟೂ ಈ ಬಡಕಲು ಸೆಲ್ಲಿನ ಮೂಲಕವೇ ಹಾಯಬೇಕು. ಹೊರೆ ಬಿದ್ದಾಗ ಕುಸಿಯುವುದು ಅದು.

ಚಾರ್ಜ್ ಹಾಕಿ ಅದನ್ನು ಎಬ್ಬಿಸಬಹುದೇ ಎಂದು ಇನ್ನೊಂದು ದಿನ ನೋಡಿದೆ. ಮಾಮೂಲಿ ಚಾರ್ಜರ್ ಒಟ್ಟು ವೋಲ್ಟನ್ನು ಮಾತ್ರ ನೋಡುತ್ತದೆ. ಐದು ಸೆಲ್ಲುಗಳು ತುಂಬಿ ವೋಲ್ಟ್ ಏರಿದಾಗ ಕೆಲಸ ಮುಗಿಯಿತೆಂದು ಕರೆಂಟು ತಗ್ಗಿಸುತ್ತದೆ, ಹಸಿದ ಸೆಲ್ಲು ಹಸಿದೇ ಉಳಿಯುತ್ತದೆ. ಗಾಡಿಯ ಡೈನಮೋ ಕೂಡ ಹೀಗೆಯೇ. ಆದ್ದರಿಂದ ಹಳೆಯ ಕಾಲದ, ಕೈಯಲ್ಲಿ ಕರೆಂಟು ಹೊಂದಿಸುವ ಚಾರ್ಜರಿನಲ್ಲಿ 4 ಆಂಪಿಯರಿಗೆ ಇಟ್ಟು, ಬಿಸಿಯೇರುತ್ತದೆಯೇ ಎಂದು ಮುಟ್ಟಿ ಮುಟ್ಟಿ ನೋಡುತ್ತ ಹತ್ತು ಗಂಟೆ ಕೊಟ್ಟೆ. 1.180 ಇದ್ದದ್ದು 1.190 ಆಯಿತು. ಗಾಡಿಗೆ ಕೂರಿಸಿ ಮಂಗಳವಾರ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಕಂಬದಲ್ಲಿ 9.1, ಗಡಿಯಾರ 12:00. "ಸರಿ ಚಿಕ್ಕಪ್ಪ, ಈಗ ಹೊಸದು ತನ್ನಿ" ಎಂದೆ.

ಹೊಸ ಬ್ಯಾಟರಿ ಬಂದ ಮೇಲೂ

ಹಳೆಯದನ್ನು ಅಂಗಡಿಗೆ ಮರಳಿ ಕೊಟ್ಟು, ಅಷ್ಟೇ ಆಂಪಿಯರ್ ಅವರಿನ, ಮುಚ್ಚಳ ಬಿಚ್ಚುವ ಬ್ಯಾಟರಿಯನ್ನೇ ತಂದರು. ಕಂಬದ ಗಾತ್ರ ಕ್ಲ್ಯಾಂಪಿಗೆ ಒಪ್ಪುತ್ತದೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಂಡು ಬರಲು ಹೇಳಿದ್ದೆ. ನಿಂತಾಗ 12.66. ಸೆಲ್ಫ್ ಹೊಡೆದಾಗ ಕಂಬದಲ್ಲಿ 10.3, ಕ್ಲ್ಯಾಂಪಿನಲ್ಲಿ 10.15. ಗಡಿಯಾರ ಅಲುಗಲಿಲ್ಲ.

ಆದರೆ ಹೆಡ್‌ಲೈಟ್ ಹಾಕಿ ವೈಪರ್ ಓಡಿಸಿದಾಗ ಮೀಟರ್ ಬೋರ್ಡಿನ ದೀಪಗಳು ವೈಪರಿನ ತಾಳಕ್ಕೆ ಸಣ್ಣಗೆ ಮಿಡಿಯುತ್ತಿದ್ದವು. ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಬಾಡಿಗೂ ಮೀಟರ್ ಇಟ್ಟರೆ 0.42 ವೋಲ್ಟ್. ಈ ಗಾಡಿಯಲ್ಲಿ ದಪ್ಪ ನೆಗೆಟಿವ್ ಕೇಬಲ್ ಗೇರ್‌ಬಾಕ್ಸಿಗೆ ಹೋಗುತ್ತದೆ. ಬಾಡಿಗೆ ಹೋಗುವುದು ಬೇರೆ ಹೆಣೆದ ಪಟ್ಟಿ. ಅದರ ಬೋಲ್ಟಿನ ಕೆಳಗೆ ತುಕ್ಕೂ ತೋಟದ ಕೆಂಪು ಮಣ್ಣೂ ಸೇರಿ ಬಿಲ್ಲೆಯಂತಾಗಿತ್ತು. ಕೆರೆದು, ಹೊಸ ವಾಷರ್ ಹಾಕಿ ಬಿಗಿದಾಗ 0.03ಕ್ಕೆ ಇಳಿಯಿತು, ದೀಪಗಳು ನೆಟ್ಟಗಾದವು. ಇಂಜಿನ್ ಓಡುವಾಗ ಡೈನಮೋ 14.1 ಕೊಡುತ್ತಿತ್ತು, ಹೆಡ್‌ಲೈಟ್ ಹಾಕಿದಾಗ 13.8. ಅಲ್ಲಿ ಏನೂ ತೊಂದರೆ ಇರಲಿಲ್ಲ.

ಹಾಗಾದರೆ ಹಳೆಯ ಬ್ಯಾಟರಿ ಯಾವಾಗಲೂ ಮುಕ್ಕಾಲು ಮಾತ್ರ ತುಂಬಿರುತ್ತಿದ್ದುದು ಏಕೆ? ಕೊಯ್ಲಿನ ಕಾಲದಲ್ಲಿ ದಿನಕ್ಕೆ ಹದಿನೈದು ಸಲ ಶುರು ಮಾಡಿ ನಿಲ್ಲಿಸುವುದರಿಂದ ಎಂದು ಚಿಕ್ಕಪ್ಪನ ಅಂದಾಜು. ಲೆಕ್ಕ ಹಾಕಿ ತೋರಿಸಿದೆ: 200 ಆಂಪಿಯರಿನಂತೆ ನಾಲ್ಕು ಸೆಕೆಂಡ್, ಅಂದರೆ ಒಂದು ಸಲಕ್ಕೆ ಕಾಲು ಆಂಪಿಯರ್ ಅವರಿಗೂ ಕಡಿಮೆ. ಹದಿನೈದು ಸಲಕ್ಕೆ ಮೂರು ಚಿಲ್ಲರೆ. ಆದರೆ ಮೂಟೆ ತುಂಬುವಾಗ ಇಂಜಿನ್ ನಿಲ್ಲಿಸಿ, ಕೆಲಸದವರಿಗಾಗಿ ಪ್ಲೇಯರ್ ಹಾಕಿಡುತ್ತಾರೆ. 3 ಆಂಪಿಯರಿನಂತೆ ನಾಲ್ಕು ಗಂಟೆಗೆ 12 ಆಂಪಿಯರ್ ಅವರ್. ಶುರು ಮಾಡುವುದಕ್ಕಿಂತ ಮೂರೂವರೆ ಪಟ್ಟು ಕರೆಂಟು ಹಾಡಿಗೆ ಹೋಗುತ್ತಿತ್ತು. ಕಣದಿಂದ ಪಲ್ಪಿಂಗ್ ಮನೆಗೆ ಐದು ನಿಮಿಷದ ಓಡಾಟದಲ್ಲಿ ಅದು ಮರಳಿ ತುಂಬುವುದಿಲ್ಲ. ಹಾಡು ನಿಲ್ಲಿಸಲು ಯಾರಿಗೂ ಮನಸ್ಸಿಲ್ಲ, ನನಗೂ ಇಲ್ಲ. ಶೆಡ್ಡಿನ ಪ್ಲಗ್ಗಿಗೆ ಹಾಕುವ ಒಂದು ರೇಡಿಯೋ ಕಣದ ಜಗಲಿಗೆ ಬಂತು. ಗಾಡಿಯನ್ನು ವಾರಕ್ಕೊಮ್ಮೆ ಮಡಿಕೇರಿಯವರೆಗೆ ಓಡಿಸಿ ತರುವುದೆಂದಾಯಿತು.

ಶೆಡ್ಡಿನ ಬಾಗಿಲ ಹಿಂದೆ ಚಿಕ್ಕಪ್ಪ ಸೀಮೆಸುಣ್ಣದಲ್ಲಿ ಆರು ಮನೆ ಎಳೆದಿದ್ದಾರೆ. ತಿಂಗಳಿಗೊಮ್ಮೆ ಹೈಡ್ರೋಮೀಟರ್ ಹಾಕಿ ಬರೆಯುತ್ತಾರೆ. ಮಾರ್ಚಿನ ಸಾಲಿನಲ್ಲಿ ಆರೂ ಸಂಖ್ಯೆಗಳು 1.260 ಮತ್ತು 1.270ರ ನಡುವೆ ಇವೆ.